ಚಿಕ್ಕಪ್ಪನ ಮನೆಯಿಂದ ಹೊರಟ ಮೇಲೆ ಬರೆದದ್ದು

ತಲುಪಿದ ರಾತ್ರಿ, ಮೊಬೈಲ್‌ನಲ್ಲಿ

ಚಿಕ್ಕಮ್ಮ, ಕ್ಷೇಮವಾಗಿ ಮನೆ ಸೇರಿದೆ. ಕಾಲು ನೋವಿಲ್ಲ. ಇಷ್ಟು ದಿನ ನನ್ನನ್ನು ನೋಡಿಕೊಂಡದ್ದಕ್ಕೆ ನಿಮಗೂ ಚಿಕ್ಕಪ್ಪನಿಗೂ ತುಂಬಾ ಧನ್ಯವಾದಗಳು. ನಾಳೆ ಫೋನ್ ಮಾಡುತ್ತೇನೆ, ನೀವು ಮಲಗಿ.

ಮರುದಿನ, ತಂಗಿಗೆ

ಪರೀಕ್ಷೆಯ ವರ್ಷದಲ್ಲಿ ನಿನ್ನ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟು ಹಜಾರದಲ್ಲಿ ಓದಿದೆ. ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ನಿನ್ನ ಮೇಜಿನ ಮೇಲೆ ಒಂದು ಪೆನ್ನು ಇಟ್ಟು ಬಂದಿದ್ದೇನೆ, ಅದು ನಿನಗೆ. ಚೆನ್ನಾಗಿ ಬರೆ ಪುಟ್ಟಿ. ನಿನ್ನ ಉಪಕಾರ ಮರೆಯುವುದಿಲ್ಲ.

ಭಾನುವಾರ, ಕಾಗದದಲ್ಲಿ

ಪ್ರೀತಿಯ ಚಿಕ್ಕಪ್ಪ, ಚಿಕ್ಕಮ್ಮನವರಿಗೆ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಹೊರಟರೆ ಗಂಟಲು ಕಟ್ಟುತ್ತದೆ, ಚಿಕ್ಕಮ್ಮ "ಸಾಕು ಬಿಡೇ" ಎಂದು ಮಾತು ತೇಲಿಸಿಬಿಡುತ್ತೀರಿ. ಆದ್ದರಿಂದ ಬರೆಯುತ್ತಿದ್ದೇನೆ.

ಅಪಘಾತವಾದಾಗ ಅಪ್ಪನೂ ಹಾಸಿಗೆ ಹಿಡಿದಿದ್ದರು, ಅಮ್ಮ ಅವರನ್ನು ಬಿಟ್ಟು ಬರುವಂತಿರಲಿಲ್ಲ. ಆಸ್ಪತ್ರೆಯಿಂದ ನನ್ನನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆಯೇ ನಿಮ್ಮಿಬ್ಬರ ಬಾಯಲ್ಲಿ ಬರಲಿಲ್ಲ. ಚಿಕ್ಕಪ್ಪ ಸುಮ್ಮನೆ ನನ್ನ ಚೀಲ ಎತ್ತಿಕೊಂಡರು, ಅಷ್ಟೆ.

ಚಿಕ್ಕಮ್ಮ, ಬೆಳೆದ ಹೆಣ್ಣುಮಗಳು ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯಬೇಕಾದಾಗ ಆಗುವ ಸಂಕೋಚ ದೊಡ್ಡದು. ಮೊದಲ ದಿನ ನಾನು ಕುಗ್ಗಿಹೋಗಿದ್ದೆ. ನೀವು ನನ್ನ ಬೆನ್ನಿಗೆ ನೀರು ಹಾಕುತ್ತಾ ನಿಮ್ಮ ಕಾಲೇಜು ದಿನಗಳ ಕಥೆ ಹೇಳತೊಡಗಿದಿರಿ. ಕಥೆ ಮುಗಿಯುವಷ್ಟರಲ್ಲಿ ಸ್ನಾನವೂ ಮುಗಿದಿತ್ತು. ಆ ಮೇಲೆ ದಿನಕ್ಕೊಂದು ಕಥೆ. ಅವುಗಳನ್ನು ಏಕೆ ಹೇಳುತ್ತಿದ್ದಿರಿ ಎಂದು ನನಗೆ ಗೊತ್ತಿತ್ತು. ರಾತ್ರಿ ನಾನು ನೋವಿನಿಂದ ನರಳಿದರೆ ನೆಲದ ಮೇಲೆ ಮಲಗಿದ್ದ ನೀವು ದೀಪ ಹಾಕುವ ಮೊದಲೇ "ಏನಮ್ಮಾ?" ಎನ್ನುತ್ತಿದ್ದಿರಿ. ನೀವು ನಿದ್ದೆ ಮಾಡಿದ್ದು ಯಾವಾಗ?

ಚಿಕ್ಕಪ್ಪ, ಪ್ಲಾಸ್ಟರ್ ತೆಗೆದ ಮೇಲೆ ಮೊಣಕಾಲು ಮಡಚಲು ಬಾರದೆ ನಾನು ಅತ್ತಾಗ ನೀವು ಸಮಾಧಾನದ ಮಾತೇನೂ ಆಡಲಿಲ್ಲ. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ನನ್ನ ಜೊತೆಗೆ ನಿಮ್ಮ ಕಾಲನ್ನೂ ಮಡಚಿ ಬಿಡಿಸಿ, ಗಟ್ಟಿಯಾಗಿ ಎಣಿಸಿದಿರಿ. ನಾನು ಊರುಗೋಲು ಬಿಟ್ಟು ಬಾಗಿಲಿನವರೆಗೆ ನಡೆದ ದಿನ ಮಾತ್ರ ಎಣಿಕೆ ನಡುವೆಯೇ ನಿಂತುಹೋಯಿತು. ನಿಮ್ಮ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಅಷ್ಟು ತಿಂಗಳಲ್ಲಿ ನಾನು ಹೊರಡುವ ದಿನದ ಮಾತು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೊರಡುತ್ತೇನೆ ಎಂದು ನಾನೇ ಹೇಳಿದಾಗಲೂ "ಇನ್ನೊಂದು ವಾರ ಇರು" ಎಂದಿರಿ. ಈ ಋಣ ತೀರಿಸುತ್ತೇನೆ ಎಂದು ಬರೆಯುವುದಿಲ್ಲ, ತೀರಿಸಿ ಕೈತೊಳೆದುಕೊಳ್ಳುವ ಮನಸ್ಸೂ ನನಗಿಲ್ಲ. ನಿಮ್ಮ ಮನೆಯವಳಾಗಿ ಇರಲು ಬಿಡಿ.

ಚಿಕ್ಕಪ್ಪ, ನನ್ನ ಓಡಾಟದಲ್ಲಿ ನಿಮ್ಮ ಕಣ್ಣಿನ ಶಸ್ತ್ರಚಿಕಿತ್ಸೆ ಮುಂದೆ ಹೋಯಿತು. ಮುಂದಿನ ತಿಂಗಳು ದಿನ ಗೊತ್ತು ಮಾಡಿ. ನಾನು ರಜೆ ಹಾಕಿ ಬಂದು ಜೊತೆಗಿರುತ್ತೇನೆ. ಆ ವಾರ ಚಿಕ್ಕಮ್ಮ ರಾತ್ರಿ ಪೂರ್ತಿ ಮಲಗಬೇಕು.

ನಿಮ್ಮ ಮಗಳು