ಪ್ರವೇಶ ವಿಭಾಗದ ಹಂಚಿಕೆಯ ಇನ್‌ಬಾಕ್ಸ್: ಪಾಳಿ ಆರಂಭದ ಪರಿಶೀಲನಾ ಪಟ್ಟಿ

ಬೆಳಿಗ್ಗೆ 8 ಮತ್ತು ಮಧ್ಯಾಹ್ನ 2 ಗಂಟೆಯ ಪಾಳಿಯವರು ಮೊದಲ ಉತ್ತರ ಬರೆಯುವ ಮುನ್ನ ಇದನ್ನು ಪೂರ್ಣಗೊಳಿಸಬೇಕು.

1. ಹಿಂದಿನ ಪಾಳಿಯವರ ಹಸ್ತಾಂತರ ಟಿಪ್ಪಣಿಯನ್ನು ಓದಿ.

2. ಔಟ್‌ಲುಕ್‌ನಲ್ಲಿ ಹಳೆಯ ಮೇಲ್‌ಗಳು ಮೇಲೆ ಬರುವಂತೆ ಜೋಡಿಸಿ. ಯಾರೋ ತೆರೆದು ನೋಡಿದ ಮಾತ್ರಕ್ಕೆ ಮೇಲ್ ವಿಲೇವಾರಿಯಾಗಿದೆ ಎಂದು ಭಾವಿಸಬಾರದು.

3. ಉತ್ತರಿಸಲಿರುವ ಮೇಲ್‌ಗೆ `Categories` ಮೂಲಕ ನಿಮ್ಮ ಹೆಸರಿನ ಗುರುತನ್ನು ಹಾಕಿ, ಒಂದು ನಿಮಿಷ ಕಾದು, ಅದರಲ್ಲಿ ನಿಮ್ಮ ಹೆಸರೊಂದೇ ಇದೆ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಬರೆಯಲು ತೊಡಗಿ. ಎರಡು ಹೆಸರುಗಳಿದ್ದರೆ ಇಬ್ಬರೂ ನಿಲ್ಲಿಸಬೇಕು. ಪಾಳಿ ಪಟ್ಟಿಯಲ್ಲಿ ಮೊದಲು ಹೆಸರಿರುವವರು ಉಳಿಸಿಕೊಂಡು, ಇನ್ನೊಬ್ಬರು ತಮ್ಮ ಗುರುತನ್ನು ತೆಗೆಯಬೇಕು. ಒಮ್ಮೆಗೆ ಐದಕ್ಕಿಂತ ಹೆಚ್ಚು ಮೇಲ್‌ಗಳನ್ನು ಕಾಯ್ದಿರಿಸಬೇಡಿ.

4. ಅರ್ಜಿ ಸಂಖ್ಯೆಯಿಂದ ತಪ್ಪದೇ ಹುಡುಕಿ. ವಿದ್ಯಾರ್ಥಿಯೊಬ್ಬರು ಬರೆದ ಬಳಿಕ ಅವರ ತಂದೆ ಅದೇ ವಿಷಯವನ್ನು ಬೇರೆ ವಿಳಾಸದಿಂದ ಕೇಳುವುದುಂಟು. ಅಂತಹ ಎಲ್ಲ ಮೇಲ್‌ಗಳನ್ನೂ ಒಬ್ಬರೇ ವಹಿಸಿಕೊಳ್ಳಬೇಕು. ಶುಲ್ಕದ ಕೊನೆಯ ದಿನಾಂಕದ ಬಗ್ಗೆ ಒಂದೇ ಮನೆಗೆ ನಮ್ಮಿಂದ ಎರಡು ಬೇರೆ ಉತ್ತರಗಳು ಹೋದರೆ, ಆ ಆತಂಕವನ್ನು ಅನುಭವಿಸುವವರು ಅವರು.

5. ಹಿಂದಿನ ಪಾಳಿಯವರ ಹೆಸರಿನಲ್ಲಿ ಉಳಿದ ಮೇಲ್‌ಗಳನ್ನು ನೀವಾಗಿ ತೆಗೆದುಕೊಳ್ಳಬೇಡಿ. ಅರ್ಧ ಬರೆದ ಕರಡು ಇರಬಹುದಾದ್ದರಿಂದ, ಪಾಳಿ ಮೇಲ್ವಿಚಾರಕರು ಅವರೊಂದಿಗೆ ಮಾತನಾಡಿ ಗುರುತು ಬದಲಿಸುವವರೆಗೆ ಕಾಯಿರಿ.

6. ಕಳುಹಿಸುವ ಕ್ಷಣದಲ್ಲಿ, ಅದೇ ಮೇಲ್‌ಗೆ ಈಗಾಗಲೇ ಉತ್ತರ ಹೋಗಿದೆಯೇ ಎಂದು ಮತ್ತೊಮ್ಮೆ ನೋಡಿ. ಕಳುಹಿಸಿದ ಪ್ರತಿ ನಿಮ್ಮ ಸ್ವಂತ `Sent Items` ಫೋಲ್ಡರ್‌ನಲ್ಲಿ ಮಾತ್ರ ಉಳಿದಿದ್ದರೆ ಅದನ್ನು ಹಂಚಿಕೆಯ ಫೋಲ್ಡರ್‌ಗೆ ನಕಲಿಸಿ.