ಸೆಪ್ಟೆಂಬರ್ ಗುರಿ ಮುಟ್ಟಿಲ್ಲ: 43.2 ಟನ್ ತಿರುಳಿನ ಬದಲು 31.4 ಟನ್

ಕಾರ್ಕಳ ತಾಲ್ಲೂಕು, ಉಡುಪಿ ಜಿಲ್ಲೆ
6 ಅಕ್ಟೋಬರ್ 2025

ನಮ್ಮ ಬೆಳೆಗಾರ ಸದಸ್ಯರಿಗೆ, ನಿರ್ದೇಶಕರಿಗೆ, ಸಾಲ ಕೊಟ್ಟ ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ ಮತ್ತು ಖರೀದಿದಾರರಿಗೆ,

ನಮಸ್ಕಾರ.

ಸೆಪ್ಟೆಂಬರ್ 30ರ ಒಳಗೆ 43.2 ಟನ್ ಗೇರು ತಿರುಳು ತಯಾರಿಸುತ್ತೇವೆ ಎಂದು ಹೇಳಿದ್ದೆವು. ತಯಾರಾದದ್ದು 31.4 ಟನ್. 11.8 ಟನ್ ಕಡಿಮೆ, ಅಂದರೆ ಗುರಿಯ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ತಪ್ಪಿದೆ. ಇದರಲ್ಲಿ ಸುಮಾರು 5.7 ಟನ್ ನವೆಂಬರ್‌ನಲ್ಲಿ ತಡವಾಗಿ ಬರುತ್ತದೆ. ಉಳಿದ 6.1 ಟನ್ ಬರುವುದಿಲ್ಲ. ಈ ವರ್ಷ ನಮಗೆ ಸಿಕ್ಕ ಸರಾಸರಿ ದರ ಕಿಲೋಗೆ 640 ರೂಪಾಯಿ. ಆ ಲೆಕ್ಕದಲ್ಲಿ ಕೈತಪ್ಪಿದ ವ್ಯಾಪಾರ ಸುಮಾರು 39 ಲಕ್ಷ.

ಇದರ ಪರಿಣಾಮ ಮೂರು ಕಡೆ ಆಗುತ್ತದೆ. ಬೆಳೆಗಾರರಿಗೆ ದೀಪಾವಳಿಗೆ ಕಿಲೋಗೆ 6 ರೂಪಾಯಿ ಎರಡನೇ ಕಂತು ಕೊಡಬೇಕಿತ್ತು. ಈಗ ಕೊಡಲು ಆಗುವುದು 2 ರೂಪಾಯಿ. ಬ್ಯಾಂಕಿಗೆ ಅಕ್ಟೋಬರ್ 31ಕ್ಕೆ 40 ಲಕ್ಷ ಅಸಲು ಕಟ್ಟಬೇಕು. ಅಂದು 25 ಲಕ್ಷ ಕಟ್ಟುತ್ತೇವೆ. ಮಂಗಳೂರು, ಉಡುಪಿಯ ನಾಲ್ಕು ಖರೀದಿದಾರರಿಗೆ ಹಬ್ಬದ ಮೊದಲು ಸೇರಬೇಕಿದ್ದ 5 ಟನ್ ನವೆಂಬರ್ 25ಕ್ಕೆ ಹೋಗುತ್ತದೆ. ಬೆಂಗಳೂರಿನ ಖರೀದಿದಾರರಿಗೆ ಬಾಕಿ ಇರುವ 2.5 ಟನ್ ಮಾತ್ರ ಗೋದಾಮಿನಲ್ಲಿ ಪ್ಯಾಕ್ ಆಗಿ ಕೂತಿದೆ. ನಾಡಿದ್ದು, 8ರಂದು, ಲಾರಿ ಹತ್ತುತ್ತದೆ.

ನಾಲ್ಕು ಕಡೆಯವರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ. ಒಬ್ಬರಿಗೆ ಒಂದು ಲೆಕ್ಕ, ಇನ್ನೊಬ್ಬರಿಗೆ ಇನ್ನೊಂದು ಲೆಕ್ಕ ಹೋಗುವುದು ಬೇಡ.

ಆದದ್ದೇನು ಅಂದರೆ, ಈ ಹಂಗಾಮಿನಲ್ಲಿ 160 ಟನ್ ಹಸಿ ಗೇರುಬೀಜ ಕೊಂಡೆವು. ನೂರು ಕಿಲೋ ಬೀಜಕ್ಕೆ 27 ಕಿಲೋ ತಿರುಳು ಎಂಬ ಲೆಕ್ಕದಲ್ಲಿ ಗುರಿ ಇಟ್ಟಿದ್ದೆವು. ಕಳೆದ ಎರಡು ಹಂಗಾಮಿನಲ್ಲೂ ಅಷ್ಟು ಬಂದಿತ್ತು, ಹಾಗಾಗಿ ಗುರಿ ಅತಿಯಾಗಿರಲಿಲ್ಲ. ಬೀಜ ಬಂದ ಮೇಲೆ ಎರಡು ಮೂರು ದಿನ ಅಂಗಳದಲ್ಲಿ ಒಣಗಿಸಿ, ತೇವ ಶೇ. 8–9ಕ್ಕೆ ಇಳಿದ ಮೇಲೆ ಗೋಣಿಗೆ ತುಂಬುವುದು ನಮ್ಮ ಪದ್ಧತಿ. ಹಾಗೆ ಒಣಗಿದ ಬೀಜ ಗೋದಾಮಿನಲ್ಲಿ ವರ್ಷ ಇಟ್ಟರೂ ಏನೂ ಆಗುವುದಿಲ್ಲ.

ಈ ವರ್ಷ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು. ವಾಡಿಕೆ ಜೂನ್ 1. ನಮ್ಮ ಕರಾವಳಿಯಲ್ಲಿ ಮೇ ಕೊನೆಯ ವಾರ ಬಿಸಿಲೇ ಇರಲಿಲ್ಲ, ನಿಮಗೂ ನೆನಪಿದೆ ಅಲ್ವಾ. ಆ ಹೊತ್ತಿಗೆ 41 ಟನ್ ಬೀಜ ಅರ್ಧ ಒಣಗಿ ಅಂಗಳದಲ್ಲಿತ್ತು, ಇಲ್ಲವೇ ಆಗಷ್ಟೇ ತೋಟದಿಂದ ಬಂದಿಳಿದಿತ್ತು. ಟಾರ್ಪಾಲು ಮುಚ್ಚಿದೆವು. ಮೇಲಿನ ನೀರು ನಿಂತಿತು, ಒಳಗಿನ ಬೆವರು ನಿಲ್ಲಲಿಲ್ಲ. ಜೂನ್ 4ರಂದು ರಾಶಿಯ ನಡುವಿನ ಗೋಣಿ ಬಿಚ್ಚಿದಾಗ ಬೀಜ ಕೈಗೆ ಬಿಸಿ ಹತ್ತುತ್ತಿತ್ತು. ಹೊರಗಿನ ಸಿಪ್ಪೆ ನೋಡಲು ಚೆನ್ನಾಗಿಯೇ ಇತ್ತು. ಒಂದು ಕಿಲೋ ತೆಗೆದು ಕತ್ತರಿಸಿ ನೋಡಿದರೆ ಮೂರರಲ್ಲಿ ಒಂದು ತಿರುಳಿನ ಮೇಲೆ ಕಂದು ಚುಕ್ಕೆ, ಕೆಲವದರಲ್ಲಿ ಬಿಳಿ ಬೂಷ್ಟು.

ಹಾಗೆ ಪೂರ್ತಿ ಕೆಟ್ಟದ್ದು 9 ಟನ್. ಅದನ್ನು ಸಿಪ್ಪೆ ಎಣ್ಣೆ ತೆಗೆಯುವವರಿಗೆ ಕಿಲೋಗೆ 11 ರೂಪಾಯಿಗೆ ಕೊಟ್ಟೆವು. ನಾವು ಕೊಂಡದ್ದು 145ಕ್ಕೆ. ಚುಕ್ಕೆ ಬಿದ್ದದ್ದನ್ನು ಒಳ್ಳೆಯದರ ಜೊತೆ ಬೆರೆಸಿ ಸಾಗಿಸೋಣ ಎಂಬ ಮಾತೂ ಬಂದಿತ್ತು. ಬೇಡ ಎಂದೆ. ಒಂದು ಡಬ್ಬಿ ವಾಪಸ್ ಬಂದರೆ ಮುಂದಿನ ವರ್ಷದ ಆರ್ಡರೇ ಹೋಗುತ್ತದೆ.

9 ಟನ್ ಕೆಟ್ಟದ್ದಕ್ಕೆ 11.8 ಟನ್ ತಿರುಳು ಹೇಗೆ ಕಡಿಮೆಯಾಯಿತು ಎಂದು ಇಬ್ಬರು ನಿರ್ದೇಶಕರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹೆಚ್ಚಿನ ಪೆಟ್ಟು ಬಿದ್ದದ್ದು ಬೊರ್ಮಾದಲ್ಲಿ. ಬೊರ್ಮಾ ಇರುವುದು ಒಡೆದ ತಿರುಳನ್ನು ಬಿಸಿ ಗಾಳಿಯಲ್ಲಿ ಒಣಗಿಸಲಿಕ್ಕೆ, ಒಳಸಿಪ್ಪೆ ಸಡಿಲವಾಗಲಿಕ್ಕೆ. ನಮ್ಮಲ್ಲಿ ಒಂದು ಸಲ ತುಂಬಿದರೆ ಏಳೆಂಟು ಗಂಟೆ ಹಿಡಿಯುತ್ತದೆ. ಉಳಿದ 32 ಟನ್ ಒದ್ದೆ ಬೀಜ ಉಳಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ, ಅದನ್ನೂ ಬೊರ್ಮಾಕ್ಕೇ ಹಾಕಿದೆವು. ಜೂನ್, ಜುಲೈ ಎರಡು ತಿಂಗಳು ಬೊರ್ಮಾದ ಅರ್ಧ ಹೊತ್ತು ಹಸಿ ಬೀಜಕ್ಕೇ ಹೋಯಿತು. ತಿರುಳು ಸರದಿ ಕಾಯಬೇಕಾಯಿತು. ಹಾಗಾಗಿ ಕಟಿಂಗ್ ಕೂಡ ನಿಧಾನ ಮಾಡಬೇಕಾಯಿತು. ದಿನಕ್ಕೆ 1.6 ಟನ್ ಬೀಜ ಒಡೆಯಬೇಕಿದ್ದ ಕಡೆ ಸರಾಸರಿ 1.28 ಟನ್ ಒಡೆದಿದ್ದೇವೆ. 23 ಟನ್ ಬೀಜ ಗೋದಾಮಿನಲ್ಲೇ ಉಳಿಯಿತು.

ಇನ್ನೊಂದು, ಹೀಗೆ ಒದ್ದೆಯಾಗಿ ಮತ್ತೆ ಒಣಗಿದ ಬೀಜ ಒಂದೇ ಹದಕ್ಕೆ ಬರುವುದಿಲ್ಲ. ಕತ್ತರಿ ಬಿದ್ದ ಕೂಡಲೇ ತಿರುಳು ಪುಡಿಯಾಗುತ್ತದೆ. ಇಡೀ ತಿರುಳು ಶೇ. 65 ಬರಬೇಕಿತ್ತು, 58 ಬಂತು. ಒಟ್ಟು ಇಳುವರಿ 27ರಿಂದ 24.5ಕ್ಕೆ ಇಳಿಯಿತು. ಲೆಕ್ಕ ಹೀಗಿದೆ: ಒಡೆಯದೇ ಉಳಿದ ಬೀಜದಿಂದ 6.2 ಟನ್ ಕಡಿಮೆ, ಇಳುವರಿ ಇಳಿದದ್ದರಿಂದ 3.2, ಕೆಟ್ಟದ್ದರಿಂದ 2.4. ಕೂಡಿದರೆ 11.8.

ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಮಾಡು ಇರುವ ಒಣಗಿಸುವ ಶೆಡ್ ಬೇಕು ಎಂಬ ವಿಷಯ ಮಾರ್ಚ್ ಸಭೆಯಲ್ಲಿ ಬಂದಿತ್ತು. 18 ಲಕ್ಷ ಖರ್ಚು ಎಂದು ಮುಂದಿನ ವರ್ಷಕ್ಕೆ ತಳ್ಳಿದೆವು. ಅದು ಆಡಳಿತ ಮಂಡಳಿ ಮತ್ತು ನಾನು ಸೇರಿ ತೆಗೆದುಕೊಂಡ ನಿರ್ಧಾರ, ನಡಾವಳಿಯಲ್ಲಿ ಇದೆ. ಸಿಪ್ಪೆ ಬಿಡಿಸುವ, ಗ್ರೇಡಿಂಗ್ ಮಾಡುವ ಹೆಂಗಸರ ಕೆಲಸದಲ್ಲಿ ಕೊರತೆ ಇರಲಿಲ್ಲ. ಅವರಿಗೆ ಕಿಲೋ ಲೆಕ್ಕದ ಕೂಲಿ. ಪುಡಿ ಜಾಸ್ತಿಯಾದಾಗ ಅವರ ಸಂಪಾದನೆಯೂ ಬಿತ್ತು. ಜುಲೈ, ಆಗಸ್ಟ್‌ನಲ್ಲಿ ದಿನಗೂಲಿ ಲೆಕ್ಕದಲ್ಲಿ ಅದನ್ನು ಸರಿದೂಗಿಸಿದ್ದೇವೆ. ಆ ಖರ್ಚಿಗೆ ಯಾರೂ ಬೇಸರ ಮಾಡಬೇಡಿ, ನುರಿತ ಕೈ ಹೋದರೆ ಮತ್ತೆ ಸಿಗುವುದು ಕಷ್ಟ.

ಇನ್ನು ಮುಂದಿನದು.

ಗೋದಾಮಿನ 23 ಟನ್ ಬೀಜ ಈಗ ಒಣಗಿದೆ, ಕಳೆದ ವಾರ ಪ್ರತಿ ರಾಶಿಯಿಂದ ತೆಗೆದು ತೇವ ನೋಡಿದ್ದೇವೆ. ಬೊರ್ಮಾವೂ ಖಾಲಿ ಇದೆ. ಇವತ್ತಿನಿಂದ ದಿನಕ್ಕೆ 1.2 ಟನ್ ಒಡೆಯುತ್ತೇವೆ. ಹಬ್ಬದ ರಜೆ ಕಳೆದು ನವೆಂಬರ್ 8ಕ್ಕೆ ಕಟಿಂಗ್ ಮುಗಿಯುತ್ತದೆ, 20ಕ್ಕೆ ಪ್ಯಾಕಿಂಗ್. 5.7 ಟನ್ ಎಂದದ್ದು ಶೇ. 25 ಇಳುವರಿ ಹಿಡಿದು. 27 ಹಿಡಿಯಲು ನನಗೆ ಧೈರ್ಯವಿಲ್ಲ. ಮೊದಲ 5 ಟನ್ನಿಗೆ 23ಕ್ಕಿಂತ ಕಡಿಮೆ ಬಂದರೆ ಕಟಿಂಗ್ ನಿಲ್ಲಿಸಿ, ಉಳಿದದ್ದನ್ನು ಬೀಜವಾಗಿಯೇ ಮಾರುತ್ತೇವೆ. ಆ ಮಟ್ಟದಲ್ಲಿ ಒಡೆದರೆ ಕೂಲಿಯೂ ಹುಟ್ಟುವುದಿಲ್ಲ. ಅದು ಅಕ್ಟೋಬರ್ 11ಕ್ಕೆ ಗೊತ್ತಾಗುತ್ತದೆ.

ಮಂಗಳೂರು, ಉಡುಪಿಯ ಖರೀದಿದಾರರು ಒಂದು ವಿಷಯ ಗಮನಿಸಬೇಕು. ನೀವು ಕೇಳಿದ್ದು 320 ಗ್ರೇಡ್. ಈ ಬೀಜದಲ್ಲಿ ಅದು 2 ಟನ್‌ಗಿಂತ ಜಾಸ್ತಿ ಸಿಗುವ ಭರವಸೆ ಇಲ್ಲ. ಉಳಿದದ್ದು ಬೇರೆ ಗ್ರೇಡ್ ಮತ್ತು ತುಂಡು, ಅದಕ್ಕೆ ಆಯಾ ದರವೇ. 320 ಅನ್ನು ನಾಲ್ವರಿಗೂ ಆರ್ಡರ್ ಪ್ರಮಾಣದಲ್ಲೇ ಹಂಚುತ್ತೇವೆ. ಬೇಡ ಅನ್ನಿಸಿದರೆ 15ರೊಳಗೆ ತಿಳಿಸಿ, ಮುಂಗಡ ಏಳು ದಿನದಲ್ಲಿ ವಾಪಸ್ ಮಾಡುತ್ತೇವೆ. ಅದಕ್ಕೆ ನಾವು ಮುಖ ಸಿಂಡರಿಸುವುದಿಲ್ಲ.

ಬ್ಯಾಂಕಿನವರಿಗೆ: ಬಡ್ಡಿ ಇಲ್ಲಿಯವರೆಗೆ ಒಂದು ದಿನವೂ ತಪ್ಪಿಲ್ಲ, ಮುಂದೆಯೂ ತಪ್ಪುವುದಿಲ್ಲ. ಅಸಲಿನ ಉಳಿದ 15 ಲಕ್ಷಕ್ಕೆ ಡಿಸೆಂಬರ್ 31ರವರೆಗೆ ಸಮಯ ಕೇಳುತ್ತಿದ್ದೇವೆ. ನವೆಂಬರ್ ತಿರುಳಿನಿಂದ ಸುಮಾರು 36 ಲಕ್ಷ ಬರಬೇಕು. ಅದರಲ್ಲಿ ಮೊದಲು ಕೂಲಿ ಮತ್ತು ಸೌದೆ, ಆಮೇಲೆ ನಿಮ್ಮ 15 ಲಕ್ಷ. ಔಪಚಾರಿಕ ಅರ್ಜಿ, ದಾಸ್ತಾನು ಪಟ್ಟಿ ಜೊತೆಗೆ ಇಟ್ಟಿದ್ದೇನೆ. ಗೋದಾಮಿಗೆ ಬಂದು ಗೋಣಿ ಎಣಿಸಿ ನೋಡಬಹುದು.

ಬೆಳೆಗಾರರಿಗೆ 2 ರೂಪಾಯಿ ಅಕ್ಟೋಬರ್ 17ರ ಒಳಗೆ ಖಾತೆಗೆ ಬೀಳುತ್ತದೆ. ಉಳಿದ 4 ರೂಪಾಯಿ ಒಟ್ಟು 6.4 ಲಕ್ಷ ಆಗುತ್ತದೆ. ಬ್ಯಾಂಕಿನ ಬಾಕಿ ತೀರಿದ ಮೇಲೆ, ಜನವರಿಯಲ್ಲಿ ಲೆಕ್ಕ ನೋಡಿ ಹೇಳುತ್ತೇವೆ. ಕೊಟ್ಟೇ ಕೊಡುತ್ತೇವೆ ಎಂದು ಈಗ ಬರೆದರೆ ಓದಲು ಹಿತ, ಆದರೆ ಕೈಯಲ್ಲಿ ಇಲ್ಲದ ಹಣದ ಮೇಲೆ ನೀವು ಹಬ್ಬದ ಸಾಮಾನು, ಮಕ್ಕಳ ಫೀಸು ಲೆಕ್ಕ ಹಾಕುವಂತಾಗಬಾರದು.

ಶೆಡ್ ಈ ಸಲ ಮುಂದೂಡುವುದಿಲ್ಲ. ಒಮ್ಮೆಗೆ 8 ಟನ್ ಹರಡಬಹುದಾದ, ಬಿಸಿಗಾಳಿ ಬಿಡುವ ಶೆಡ್ ಮಾರ್ಚ್ 15ರೊಳಗೆ ಆಗಬೇಕು. 18 ಲಕ್ಷದಲ್ಲಿ 12 ಲಕ್ಷಕ್ಕೆ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿ ಯೋಜನೆಯಲ್ಲಿ ಸಾಲಕ್ಕೆ ಅರ್ಜಿ ಹಾಕುತ್ತೇವೆ. ಅದರಲ್ಲಿ 2 ಕೋಟಿವರೆಗಿನ ಸಾಲಕ್ಕೆ ಏಳು ವರ್ಷದವರೆಗೆ ಶೇ. 3 ಬಡ್ಡಿ ರಿಯಾಯಿತಿ ಇದೆ. ಉಳಿದ 6 ಲಕ್ಷ ಹೊಸ ಷೇರಿನಿಂದ. ಹೊಡೆತ ಬಿದ್ದ ವರ್ಷವೇ ಷೇರು ಕೇಳುವುದು ಚೆನ್ನಾಗಿ ಕಾಣುವುದಿಲ್ಲ, ಗೊತ್ತು. ಕಡ್ಡಾಯ ಮಾಡುತ್ತಿಲ್ಲ. ಶೆಡ್ ಆಗದಿದ್ದರೆ 2026ರಲ್ಲಿ 120 ಟನ್‌ಗಿಂತ ಜಾಸ್ತಿ ಬೀಜ ಕೊಳ್ಳುವುದಿಲ್ಲ, ಮೇ 15ರ ನಂತರ ಹಸಿ ಬೀಜ ಇಳಿಸಿಕೊಳ್ಳುವುದೂ ಇಲ್ಲ. ಶೆಡ್ ಆದರೂ ಆಗದಿದ್ದರೂ ಗೇಟಿನಲ್ಲಿ ತೇವ ಅಳೆಯುವ ಮೀಟರ್ ಇರುತ್ತದೆ, ದರ ತೇವ ನೋಡಿ. ಇದಕ್ಕೆ ಕೆಲವರು ಗೊಣಗುತ್ತೀರಿ. ಒಣಗಿಸಿ ತಂದವರಿಗೂ ಒದ್ದೆ ತಂದವರಿಗೂ ಒಂದೇ ದರ ಕೊಟ್ಟದ್ದು ಒಣಗಿಸಿದವರಿಗೆ ಅನ್ಯಾಯವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ 10.30ಕ್ಕೆ ಕಾರ್ಖಾನೆಯ ಗೋದಾಮಿನಲ್ಲಿ ಸಭೆ ಇದೆ. ಮೊದಲ 5 ಟನ್ನಿನ ಇಳುವರಿ ಅಲ್ಲೇ ಹೇಳುತ್ತೇನೆ. ಖರೀದಿ ಪುಸ್ತಕ, ಬೊರ್ಮಾ ಪುಸ್ತಕ, ಬ್ಯಾಂಕ್ ಲೆಕ್ಕ ಮೇಜಿನ ಮೇಲಿರುತ್ತದೆ, ಯಾರು ಬೇಕಾದರೂ ತಿರುವಿ ನೋಡಬಹುದು. ಬೆಳೆಗಾರರು ಬೀಜ ಇಳಿಸಿದ ರಶೀದಿ ತನ್ನಿ. 2 ರೂಪಾಯಿ ಹಾಕುವ ಮೊದಲು ತೂಕ ತಾಳೆ ನೋಡಬೇಕು. ಬರಲಾಗದವರು ರಶೀದಿಯನ್ನು ಮನೆಯವರ ಕೈಯಲ್ಲಿ ಕಳಿಸಿದರೂ ಸಾಕು.

ನಿಮ್ಮ,
ಮುಖ್ಯ ಕಾರ್ಯನಿರ್ವಾಹಕಿ
ಗೇರು ಬೆಳೆಗಾರರ ಉತ್ಪಾದಕ ಕಂಪನಿ