ಬಲ ಮಿದುಳಿನ ಪಾರ್ಶ್ವವಾಯು: ಒಂದು ಪ್ರಕರಣದ ನರ್ಸಿಂಗ್ ವಿಶ್ಲೇಷಣೆ

ರೋಗಿ: 62 ವರ್ಷದ ರೈತ, ತೂಕ 60 ಕೆ.ಜಿ. ಹತ್ತು ವರ್ಷದಿಂದ ಬಿಪಿ, ಸಕ್ಕರೆ ಕಾಯಿಲೆ. ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ. ಬೆಳಿಗ್ಗೆ 6.40ಕ್ಕೆ ಹಾಲು ಕರೆಯುವಾಗ ಚೆನ್ನಾಗಿದ್ದರು, ಆಮೇಲೆ ಎಡಕ್ಕೆ ವಾಲಿ ಬಿದ್ದರು. 8.15ಕ್ಕೆ ಆಸ್ಪತ್ರೆಗೆ ಬಂದಾಗ ಬಿಪಿ 178/100, ಸಕ್ಕರೆ 212, ನಾಡಿ ಅನಿಯಮಿತ. ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್. ಸಿಟಿಯಲ್ಲಿ ರಕ್ತಸ್ರಾವ ಇಲ್ಲ, ಆಂಜಿಯೋದಲ್ಲಿ ಬಲ ಮಿಡ್ಲ್ ಸೆರೆಬ್ರಲ್ ಅಪಧಮನಿಯ ಬುಡ ಮುಚ್ಚಿದೆ. ಪಾರ್ಶ್ವವಾಯುವಿನ ತೀವ್ರತೆ ಅಳೆಯುವ ಮಾಪಕ ಎನ್‌ಐಎಚ್‌ಎಸ್‌ಎಸ್ 13. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ 54 ಮಿ.ಗ್ರಾಂ (5.4 ಒಂದು ನಿಮಿಷದಲ್ಲಿ, 48.6 ಒಂದು ಗಂಟೆಯಲ್ಲಿ) ಕೊಟ್ಟು, ಬಲ ತೊಡೆಸಂದಿಯ ಮೂಲಕ ಹೆಪ್ಪು ಹೊರತೆಗೆಯುವ ಥ್ರಾಂಬೆಕ್ಟಮಿ ಮಾಡಲಾಯಿತು.

ಲಕ್ಷಣ ಎಲ್ಲಿಂದ ಬಂತು?

ಎಡ ತೋಳಿನ ಶಕ್ತಿ 1/5, ಕಾಲಿನದು 3/5. ಮುಖ ಮತ್ತು ಕೈಯನ್ನು ನಡೆಸುವ ಮೋಟಾರ್ ಕಾರ್ಟೆಕ್ಸ್ ಮಿದುಳಿನ ಹೊರಮೈಯಲ್ಲಿದ್ದು ಈ ಅಪಧಮನಿಯಿಂದ ರಕ್ತ ಪಡೆಯುತ್ತದೆ. ಕಾಲಿನ ಭಾಗ ಒಳಮೈಯಲ್ಲಿದೆ, ಅದಕ್ಕೆ ರಕ್ತ ಕೊಡುವುದು ಆಂಟೀರಿಯರ್ ಅಪಧಮನಿ. ಹಾಗಾಗಿ ಕಾಲು ಅಷ್ಟಿಷ್ಟು ಉಳಿದಿದೆ. ಬಾಯಿ ಎಡಭಾಗದಲ್ಲಿ ಜೋತಿದ್ದರೂ ಹಣೆಯಲ್ಲಿ ನೆರಿಗೆ ಮೂಡುತ್ತದೆ. ಹಣೆಯ ಸ್ನಾಯುಗಳಿಗೆ ಎರಡೂ ಕಡೆಯ ಮಿದುಳಿನಿಂದ ಸಂದೇಶ ಹೋಗುವುದೇ ಕಾರಣ. ಕಣ್ಣುಗಳು ಬಲಕ್ಕೆ ತಿರುಗಿವೆ, ಅಂದರೆ ಬಲ ಫ್ರಾಂಟಲ್ ಐ ಫೀಲ್ಡ್ ಕೆಟ್ಟಿದೆ. ಎಡ ದೃಷ್ಟಿಕ್ಷೇತ್ರ ಹೋಗಿರುವುದಕ್ಕೆ ಆಪ್ಟಿಕ್ ರೇಡಿಯೇಷನ್ ಹಾನಿ ಕಾರಣ. ಮಾತು ತೊದಲಿದರೂ ಅರ್ಥಪೂರ್ಣ, ಏಕೆಂದರೆ ಭಾಷೆಯನ್ನು ನೋಡಿಕೊಳ್ಳುವ ಎಡ ಮಿದುಳಿಗೆ ಏನೂ ಆಗಿಲ್ಲ.

ಎಲ್ಲಕ್ಕಿಂತ ಅಪಾಯದ ಲಕ್ಷಣ ಬಲ ಪೆರೈಟಲ್ ಭಾಗದ್ದು. ಅವರ ಎಡಗೈಯನ್ನೇ ಎತ್ತಿ ತೋರಿಸಿದರೆ, "ಇದು ನಿಮ್ಮ ಕೈಯಲ್ವಾ ಸಿಸ್ಟರ್? ನಂಗೇನೂ ಆಗಿಲ್ಲ, ಮನೆಗೆ ಕಳ್ಸಿ" ಎನ್ನುತ್ತಾರೆ. ಇದು ಹಟವಲ್ಲ, ಕಾಯಿಲೆಯ ಅರಿವೇ ಇಲ್ಲದಿರುವುದು (ಅನೊಸೊಗ್ನೋಸಿಯಾ), ಜೊತೆಗೆ ಎಡಬದಿಯತ್ತ ಗಮನವೇ ಹೋಗದ ನೆಗ್ಲೆಕ್ಟ್. ಎನ್‌ಐಎಚ್‌ಎಸ್‌ಎಸ್‌ನಲ್ಲಿ ನೆಗ್ಲೆಕ್ಟ್‌ಗೆ ಗರಿಷ್ಠ 2 ಅಂಕ. ಭಾಷೆ ಕೆಟ್ಟ ರೋಗಿ ಪ್ರಶ್ನೆ, ಆಜ್ಞೆ, ಭಾಷೆ ಮೂರರಲ್ಲೂ ಅಂಕ ಪಡೆಯುತ್ತಾನೆ. ಆದ್ದರಿಂದ ಬಲ ಮಿದುಳಿನ ರೋಗಿಯ ಅಂಕಿ ಪರಿಸ್ಥಿತಿಗಿಂತ ಹಗುರವಾಗಿ ಕಾಣುತ್ತದೆ. "ಮಾತಾಡ್ತಿದಾರಲ್ಲ, ಪರವಾಗಿಲ್ಲ" ಎಂದು ಮನೆಯವರಷ್ಟೇ ಅಲ್ಲ, ನಾವೂ ಮೋಸಹೋಗುತ್ತೇವೆ. ಈ ಪ್ರಕರಣದ ಆದ್ಯತೆಗಳನ್ನು ಈ ಎಚ್ಚರದಿಂದಲೇ ಜೋಡಿಸಬೇಕು.

ಮೊದಲ 24 ಗಂಟೆ

ಮೊದಲ ಆದ್ಯತೆ ಮಿದುಳಿನ ರಕ್ತಸ್ರಾವವನ್ನು ಬೇಗ ಹಿಡಿಯುವುದು. ಬಿಪಿ ಮತ್ತು ನರ ತಪಾಸಣೆ 2 ಗಂಟೆವರೆಗೆ ಪ್ರತಿ 15 ನಿಮಿಷ, ಮುಂದಿನ 6 ಗಂಟೆ ಪ್ರತಿ 30 ನಿಮಿಷ, ಆಮೇಲೆ ಗಂಟೆಗೊಮ್ಮೆ. ಬಿಪಿ 180/105 ಮೀರಬಾರದು. ಹೊಸ ತಲೆನೋವು, ವಾಂತಿ, ಬಿಪಿ ದಿಢೀರ್ ಏರಿಕೆ, ಎಚ್ಚರ ಕುಗ್ಗುವುದು ಇವುಗಳಲ್ಲಿ ಒಂದು ಕಂಡರೂ ಔಷಧ ಹೋಗುತ್ತಿದ್ದರೆ ನಿಲ್ಲಿಸಿ ವೈದ್ಯರನ್ನು ಕರೆಯಿರಿ, ತುರ್ತು ಸಿಟಿಗೆ ಸಿದ್ಧಪಡಿಸಿ. ನಾಲಿಗೆ, ತುಟಿ ಊದುತ್ತಿದೆಯೇ ನೋಡಿ. ಬಿಪಿಗೆ ಎಸಿಇ ಇನ್ಹಿಬಿಟರ್ ತೆಗೆದುಕೊಳ್ಳುತ್ತಿದ್ದವರಲ್ಲಿ ಈ ಅಪಾಯ ಹೆಚ್ಚು. ಮರು ಸಿಟಿ ಆಗುವವರೆಗೆ ಆಸ್ಪಿರಿನ್, ಹೆಪಾರಿನ್ ಬೇಡ. ಐಎಂ ಇಂಜೆಕ್ಷನ್ ಬೇಡ. ತೀರಾ ಅಗತ್ಯವಿಲ್ಲದೆ ಕ್ಯಾಥೆಟರ್, ಮೂಗಿನ ನಳಿಕೆ ಹಾಕಬೇಡಿ.

ಈ ರೋಗಿಗೆ ಇನ್ನೊಂದು ತೊಡಕಿದೆ. ಪಂಕ್ಚರ್ ಆಗಿರುವುದು ಬಲ ತೊಡೆಸಂದಿಯಲ್ಲಿ, ಶಕ್ತಿ ಇರುವ ಕಾಲು ಅದೇ. "ಮಡಚಬೇಡಿ" ಎಂದರೆ ತಲೆಯಾಡಿಸುತ್ತಾರೆ, ಎರಡು ನಿಮಿಷಕ್ಕೆ ಏಳಲು ಹೊರಡುತ್ತಾರೆ. ಆದ್ದರಿಂದ ಹೇಳಿ ಬಿಡುವುದು ಸಾಲದು: ಪಕ್ಕದಲ್ಲಿ ಒಬ್ಬರಿರಬೇಕು, ಮಂಚ ತಗ್ಗಿನಲ್ಲಿರಬೇಕು, ಅಲಾರಂ ಹಾಕಿರಬೇಕು. ಬಿಪಿ ನೋಡಿದಾಗೆಲ್ಲ ಹೊದಿಕೆ ಸರಿಸಿ ಊತ, ರಕ್ತ, ಪಾದದ ನಾಡಿ ನೋಡಿ.

ನುಂಗುವ ಪರೀಕ್ಷೆ ಆಗುವವರೆಗೆ ನೀರು, ಎಳನೀರು, ಬಾಯಿ ಮೂಲಕ ಮಾತ್ರೆ ಏನೂ ಕೊಡಬಾರದು. ಪೂರ್ತಿ ಎಚ್ಚರವಿದ್ದಾಗ ನೇರವಾಗಿ ಕೂರಿಸಿ 90 ಮಿ.ಲೀ. ನೀರನ್ನು ನಿಲ್ಲಿಸದೆ ಕುಡಿಸಿ. ಕೆಮ್ಮು, ಉಸಿರುಗಟ್ಟುವಿಕೆ, ನೀರು ತುಂಬಿದಂಥ ದನಿ, ನಡುವೆ ನಿಲ್ಲಿಸುವುದು ಕಂಡರೆ ಪರೀಕ್ಷೆ ವಿಫಲ. ಸ್ಪೀಚ್ ಥೆರಪಿಸ್ಟ್ ನೋಡಲಿ. ಪಾಸಾದರೂ ಊಟದ ನಂತರ ಎಡಗೆನ್ನೆಯ ಒಳಗೆ ಬೆರಳ ಬದಲು ಟಾರ್ಚ್ ಹಾಯಿಸಿ ನೋಡಿ. ಅಲ್ಲಿ ಉಳಿದ ತುತ್ತು ಅವರಿಗೆ ಗೊತ್ತೇ ಆಗುವುದಿಲ್ಲ. ಸಕ್ಕರೆ 140-180ರಲ್ಲಿಡಿ, 60ಕ್ಕಿಂತ ಇಳಿದರೆ ತಕ್ಷಣ ಚಿಕಿತ್ಸೆ.

ಎಡ ತೋಳನ್ನು ದಿಂಬಿನ ಮೇಲಿಡಿ, ಕಂಕುಳಡಿ ಹಿಡಿದು ಎಳೆಯಬೇಡಿ, ಭುಜ ಜಾರುತ್ತದೆ. ಕಾಲಿಗೆ ಗಾಳಿ ಒತ್ತಡದ ಐಪಿಸಿ ಪಟ್ಟಿ ವೈದ್ಯರ ಆದೇಶದಂತೆ. ಕರೆಗಂಟೆ ಬಲಬದಿಯಲ್ಲಿರಲಿ, ನುಂಗುವ ಪರೀಕ್ಷೆ ಪಾಸಾದ ಮೇಲೆ ನೀರೂ ಅಲ್ಲೇ ಇರಲಿ. ಮುಖ್ಯ ಮಾತನ್ನೂ ಬಲಬದಿಯಿಂದಲೇ ಹೇಳಿ. ಸ್ಥಿರವಾದ ಮೇಲೆ ಮಗ ಎಡಬದಿ ಕೂತು ಮಾತಾಡಿಸುತ್ತ ಗಮನ ಆ ಕಡೆ ತಿರುಗಿಸಲಿ.

ಎರಡರಿಂದ ಐದನೇ ದಿನದವರೆಗೆ ಮಿದುಳು ಬಾವು ಏರುವ ಕಾಲ. ನಿನ್ನೆ ಹರಟುತ್ತಿದ್ದವರು ಇಂದು ತೂಕಡಿಸುತ್ತಿದ್ದರೆ ಅದನ್ನು ಸುಸ್ತೆಂದು ಬರೆಯಬೇಡಿ. ಜಿಸಿಎಸ್, ಪಾಪೆ ನೋಡಿ, ಬಲ ಪಾಪೆ ಹಿಗ್ಗಿದ್ದರೆ ಆ ಕ್ಷಣವೇ ನ್ಯೂರೋಸರ್ಜರಿಗೆ ಕರೆ ಹೋಗಬೇಕು.